ಸಂದರ್ಶನದ ಕೊನೆಯಲ್ಲಿ "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದಾಗ ರಾತ್ರಿ ಕರೆಗಳ ಬಗ್ಗೆ ಹೇಗೆ ಕೇಳುವುದು?

ಹೇಮಾವತಿ_ದಂಡೆ

ಮುಂದಿನ ಗುರುವಾರ ಬೆಂಗಳೂರಿನ ಒಂದು ಪಾವತಿ ಕಂಪನಿಯಲ್ಲಿ ಮ್ಯಾನೇಜರ್ ಜೊತೆಗಿನ ಸುತ್ತು ಇದೆ. ಬ್ಯಾಕೆಂಡ್ ಡೆವಲಪರ್ ಹುದ್ದೆ. ಕೋಡಿಂಗ್ ಸುತ್ತುಗಳು ಮುಗಿದಿವೆ, ಅವುಗಳ ಬಗ್ಗೆ ಚಿಂತೆಯಿಲ್ಲ. ನನ್ನ ಚಿಂತೆ ಕೊನೆಯ ಹತ್ತು ನಿಮಿಷದ್ದು.

ಹುದ್ದೆಯ ವಿವರಣೆಯಲ್ಲಿ "ಸೇವೆಗಳ ಸಂಪೂರ್ಣ ಹೊಣೆ ತಂಡದ್ದೇ" ಎಂದು ಬರೆದಿದ್ದಾರೆ. ಈಗಿರುವ ಕಂಪನಿಯಲ್ಲಿಯೂ ಸೇರುವಾಗ ಇದೇ ಮಾತು ಹೇಳಿದ್ದರು. ಸೇರಿದ ಮೇಲೆ ಅದರ ಅರ್ಥ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವುದು ಎಂದು ತಿಳಿಯಿತು. ರಾತ್ರಿ ಕೆಲಸವೇ ಬೇಡ ಎನ್ನುವವಳಲ್ಲ ನಾನು. ಪಾವತಿ ವ್ಯವಸ್ಥೆ ಕೆಟ್ಟು ನಿಂತರೆ ಯಾರಾದರೂ ಏಳಲೇಬೇಕು. ಆದರೆ ಎಷ್ಟು ಸಲ, ಯಾಕಾಗಿ, ಎದ್ದ ಮೇಲೆ ಏನಾಗುತ್ತದೆ ಎಂಬುದು ಸೇರುವ ಮೊದಲೇ ಗೊತ್ತಾಗಬೇಕು. ಗೆಳತಿಯರು "ಅದನ್ನು ಮಾತ್ರ ಕೇಳಬೇಡ, ಸೋಮಾರಿ ಎಂದುಕೊಳ್ಳುತ್ತಾರೆ" ಎನ್ನುತ್ತಿದ್ದಾರೆ. ಕೇಳುವುದಾದರೆ ಹೇಗೆ ಕೇಳಬೇಕು?

ಶಿರಸಿ_ಹುಡುಗ

ನೇರವಾಗಿ "ಇಲ್ಲಿ ಕೆಲಸ ಮತ್ತು ಬದುಕಿನ ಸಮತೋಲನ ಹೇಗಿದೆ?" ಎಂದು ಕೇಳಿ. ನಾನು ಪ್ರತಿ ಸಂದರ್ಶನದಲ್ಲಿಯೂ ಕೇಳುತ್ತೇನೆ. ಯಾರೂ ತಪ್ಪು ತಿಳಿದಿಲ್ಲ.

ತುಂಗಾಪಾನ

ಉತ್ತರವಾಗಿ ಏನು ಹೇಳಿದರು ಎಂಬುದನ್ನೂ ಹೇಳಿ.

ಶಿರಸಿ_ಹುಡುಗ

ಎಲ್ಲರೂ ಚೆನ್ನಾಗಿದೆ ಎಂದೇ ಹೇಳಿದರು.

ತುಂಗಾಪಾನ

ಅದೇ ತೊಂದರೆ. ಎಲ್ಲರಿಂದಲೂ ಒಂದೇ ಉತ್ತರ ತರುವ ಪ್ರಶ್ನೆಯಿಂದ ಒಂದು ತಂಡವನ್ನು ಇನ್ನೊಂದರಿಂದ ಬೇರ್ಪಡಿಸಲು ಸಾಧ್ಯವಿಲ್ಲ.

ಬ್ಯಾಂಕ್_ಅಭ್ಯರ್ಥಿ

ನನ್ನ ಸಲಹೆ: "ಏನೂ ಇಲ್ಲ ಸರ್, ಧನ್ಯವಾದಗಳು" ಎಂದು ಹೇಳಿ ಎದ್ದು ಬನ್ನಿ. ತರಬೇತಿ ಕೇಂದ್ರದಲ್ಲಿ ನಮಗೆ ಇದನ್ನೇ ಹೇಳಿಕೊಟ್ಟಿದ್ದಾರೆ. ಕೊನೆಯಲ್ಲಿ ಮಾತು ಬೆಳೆಸಿದರೆ ಅಂಕ ಹೋಗುತ್ತದೆ.

ತುಂಗಾಪಾನ

ನೀವು ಹೇಳುತ್ತಿರುವುದು ಬ್ಯಾಂಕ್ ಅಧಿಕಾರಿ ಹುದ್ದೆಯ ಅಥವಾ ಯುಪಿಎಸ್‌ಸಿಯಂತಹ ಮಂಡಳಿ ಸಂದರ್ಶನದ ಮಾತು. ಅಲ್ಲಿ ಎದುರಿಗೆ ಕುಳಿತವರು ನಿಮ್ಮ ಮುಂದಿನ ಮೇಲಧಿಕಾರಿಗಳಲ್ಲ, ಯಾವ ಶಾಖೆಗೆ ಹೋಗುತ್ತೀರಿ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಯುಪಿಎಸ್‌ಸಿಯಲ್ಲಿ ಆ ಸುತ್ತಿಗೆ 275 ಅಂಕಗಳಿವೆ, ಮಂಡಳಿ ಅಂಕ ಕೊಡಲೆಂದೇ ಕುಳಿತಿರುತ್ತದೆ. ಇವರದ್ದು ಬೇರೆ. ಎದುರಿಗೆ ಕುಳಿತವರ ಕೈಕೆಳಗೇ ಇವರು ನಾಳೆ ಕೆಲಸ ಮಾಡಬೇಕು.

ಬ್ಯಾಂಕ್_ಅಭ್ಯರ್ಥಿ

ಹಾಗಿದ್ದರೆ ಸರಿ. ನಾನು ಎಲ್ಲ ಸಂದರ್ಶನಕ್ಕೂ ಅನ್ವಯಿಸುತ್ತದೆ ಎಂದುಕೊಂಡಿದ್ದೆ.

ಹಳೆಯ_ಮೇಸ್ತ್ರಿ

ಹಲವು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತು ಜನರನ್ನು ತೆಗೆದುಕೊಂಡಿದ್ದೇನೆ. ಪಾವತಿ ವ್ಯವಸ್ಥೆಗಳಲ್ಲಿಯೇ ಹೆಚ್ಚು ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ರಾತ್ರಿ ಕೆಲಸ ಹೆಚ್ಚಿರುತ್ತದೆಯೇ?" ಎಂದರೆ "ಅಷ್ಟೇನಿಲ್ಲ" ಎನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತಿರಬಹುದು, ಏಕೆಂದರೆ ಏಳುವವರು ಅವರಲ್ಲ. ಅದರ ಬದಲು ಹೀಗೆ ಕೇಳಿ: "ತಂಡದಲ್ಲಿ ಯಾರನ್ನಾದರೂ ಕೊನೆಯ ಬಾರಿ ರಾತ್ರಿ ಎಬ್ಬಿಸಬೇಕಾಗಿ ಬಂದದ್ದು ಯಾವಾಗ? ಏನಾಗಿತ್ತು?" ಇದು ಸೋಮಾರಿಯ ಪ್ರಶ್ನೆಯಂತೆ ಕೇಳಿಸುವುದಿಲ್ಲ, ವ್ಯವಸ್ಥೆ ಹೇಗೆ ಕೆಡುತ್ತದೆ ಎಂದು ತಿಳಿಯಬಯಸುವವರ ಪ್ರಶ್ನೆಯಂತೆ ಕೇಳಿಸುತ್ತದೆ. ನಿಜಕ್ಕೂ ಅದು ಅಂಥದ್ದೇ ಪ್ರಶ್ನೆ.

ಉತ್ತರ ಬರುವಾಗ ಮೂರು ಸಂಗತಿಗಳಿಗೆ ಕಿವಿಗೊಡಿ. ಮೊದಲನೆಯದು, ಸಮಸ್ಯೆ ಗೊತ್ತಾದದ್ದು ಹೇಗೆ. ಅಲರ್ಟ್ ಬಂದಿತೋ, ಗ್ರಾಹಕರು ದೂರು ಕೊಟ್ಟರೋ? ಎರಡನೆಯದು, ಎದ್ದವರು ಏನು ಮಾಡಿದರು. ಬರೆದಿಟ್ಟ ಕ್ರಮವೊಂದನ್ನು ಅನುಸರಿಸಿದರೋ, ಅಥವಾ ಎಲ್ಲ ತಿಳಿದಿರುವ ಒಬ್ಬರೇ ಹಿರಿಯರನ್ನು ಎಬ್ಬಿಸಬೇಕಾಯಿತೋ? ಮೂರನೆಯದೇ ಮುಖ್ಯ: ಮುಂದಿನ ವಾರ ಏನು ಬದಲಾಯಿತು. ಚೆನ್ನಾಗಿ ನಡೆಯುವ ತಂಡದ ಮ್ಯಾನೇಜರ್ "ಮೂಲ ಕಾರಣ ಇಂಥದ್ದು, ಅದನ್ನು ಸರಿಪಡಿಸಲು ಇಷ್ಟು ದಿನ ಬೇರೆ ಕೆಲಸ ನಿಲ್ಲಿಸಿದೆವು" ಎಂದು ನೇರವಾಗಿ ಹೇಳಬಲ್ಲರು. ಉಳಿದವರು "ಹುಡುಗರು ತುಂಬಾ ಶ್ರದ್ಧೆಯವರು, ರಾತ್ರಿಯೆಲ್ಲಾ ಕುಳಿತು ಮುಗಿಸಿದರು" ಎನ್ನುತ್ತಾರೆ. ಹೊಗಳಿಕೆಯಲ್ಲಿಯೇ ಮಾತು ಮುಗಿದು ದುರಸ್ತಿಯ ಸುದ್ದಿಯೇ ಬರದಿದ್ದರೆ, ಅದೇ ತೊಂದರೆ ಮತ್ತೆ ಬರುತ್ತದೆ, ಮತ್ತೆ ಯಾರೋ ಏಳುತ್ತಾರೆ ಎಂದು ತಿಳಿಯಿರಿ.

ಕೊಡಚಾದ್ರಿ77

ಇಷ್ಟೆಲ್ಲಾ ಯಾಕೆ? ವಾರಕ್ಕೆ ಎಷ್ಟು ಅಲರ್ಟ್ ಬರುತ್ತವೆ ಎಂದು ಕೇಳಿದರೆ ಸಾಕು. ಕಡಿಮೆ ಬಂದರೆ ಒಳ್ಳೆಯ ತಂಡ, ಹೆಚ್ಚು ಬಂದರೆ ಕೆಟ್ಟ ತಂಡ.

ಹಳೆಯ_ಮೇಸ್ತ್ರಿ

ಅರ್ಧ ನಿಜ. ಹೆಚ್ಚು ಬಂದರೆ ಕಷ್ಟವೇ. ಗೂಗಲ್ ತನ್ನ ತಂಡಗಳ ಬಗ್ಗೆ ಬಹಿರಂಗವಾಗಿ ಬರೆದಿರುವ ಪ್ರಕಾರ, 12 ಗಂಟೆಯ ಒಂದು ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆಗಳು ಬರಬಾರದು. ಒಂದನ್ನು ನಿಭಾಯಿಸಿ, ಕಾರಣ ಹುಡುಕಿ, ಬರೆದಿಡುವುದಕ್ಕೆ ಸುಮಾರು ಆರು ಗಂಟೆ ಬೇಕು ಎಂಬುದು ಅವರ ಲೆಕ್ಕ.

ಆದರೆ ಕಡಿಮೆ ಅಲರ್ಟ್ ಎಂದರೆ ವ್ಯವಸ್ಥೆ ಗಟ್ಟಿಯಾಗಿದೆ ಎಂದೇ ಆಗಬೇಕಿಲ್ಲ. ಅಲರ್ಟ್‌ಗಳನ್ನೇ ಹಾಕಿಕೊಳ್ಳದ ತಂಡದಲ್ಲಿಯೂ ಅವು ಕಡಿಮೆಯೇ. ಅಲ್ಲಿ ರಾತ್ರಿ ಕೆಟ್ಟದ್ದು ಬೆಳಿಗ್ಗೆ ಹತ್ತಕ್ಕೆ ಗ್ರಾಹಕ ಸೇವೆಯವರ ಮೂಲಕ ಬರುತ್ತದೆ, ಆಗ ಇಡೀ ತಂಡ ದಿನಪೂರ್ತಿ ಅದರ ಹಿಂದೆ ಓಡುತ್ತದೆ. ಅದಕ್ಕೇ "ಹೇಗೆ ಗೊತ್ತಾಯಿತು" ಎಂದು ಕೇಳಿ ಎಂದದ್ದು.

ಕೊಡಚಾದ್ರಿ77

ಒಪ್ಪಿದೆ. ನಮ್ಮಲ್ಲಿ ಶನಿವಾರ, ಭಾನುವಾರ ಅಲರ್ಟ್‌ಗಳನ್ನೇ ಮುಚ್ಚಿಡುತ್ತಾರೆ. ಸೋಮವಾರ ನರಕ.

ರಾತ್ರಿ_ಪಾಳಿ_ದಾದಿ

ನಾನು ಸಾಫ್ಟ್‌ವೇರ್‌ನವಳಲ್ಲ, ಮಂಗಳೂರಿನಲ್ಲಿ ತೀವ್ರ ನಿಗಾ ಘಟಕದ ಶುಶ್ರೂಷಕಿ. ಆದರೂ ಈ ಪ್ರಶ್ನೆ ನಮ್ಮದೂ ಹೌದು. ಆಸ್ಪತ್ರೆಗಳ ಸಂದರ್ಶನದಲ್ಲಿ "ಒಬ್ಬ ಶುಶ್ರೂಷಕಿಗೆ ಎಷ್ಟು ರೋಗಿಗಳು?" ಎಂದು ಕೇಳಿದರೆ ಕಾಗದದ ಮೇಲಿನ ಸಂಖ್ಯೆ ಹೇಳುತ್ತಾರೆ. ಒಬ್ಬಳು ರಜೆ ಹಾಕಿದ ರಾತ್ರಿ ಏನು ಮಾಡುತ್ತೀರಿ ಎಂದು ಕೇಳಬೇಕು. ಬೇರೆ ವಾರ್ಡಿನಿಂದ ಕಳುಹಿಸುತ್ತೇವೆ ಎಂದರೆ, ವೆಂಟಿಲೇಟರ್ ನೋಡಿಕೊಳ್ಳಲು ತಿಳಿದವರನ್ನೇ ಕಳುಹಿಸುತ್ತೀರಾ ಎಂದು ಕೇಳಬೇಕು. ಆಗ ಉತ್ತರ ಕೊಡುವವರ ಮುಖ ನೋಡಿದರೇ ಸಾಕು. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುತ್ತಾರೆಯೇ, ಬಾಂಡ್ ಎಷ್ಟು ಕಾಲದ್ದು ಎಂಬುದನ್ನೂ ಅಲ್ಲಿಯೇ ಕೇಳಿ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ.

ಹಳೆಯ_ಮೇಸ್ತ್ರಿ

ಅಕ್ಕ, ನೀವು ಹೇಳಿದ ರಜೆಯ ಲೆಕ್ಕ ನಮ್ಮಲ್ಲಿಯೂ ಹಾಗೆಯೇ ನಡೆಯುತ್ತದೆ. ಹೇಮಾವತಿಯವರೇ, ಇದನ್ನು ಗಮನಿಸಿ.

ತಂಡದಲ್ಲಿ ಎಷ್ಟು ಜನ ಎಂದು ಕೇಳಿದರೆ ಆರು ಎನ್ನುತ್ತಾರೆ. ಕೇಳಬೇಕಾದದ್ದು "ಈಗ ಆನ್‌ಕಾಲ್ ಸರದಿಯಲ್ಲಿ ಎಷ್ಟು ಜನ ಇದ್ದಾರೆ?" ಎಂದು. ಆರರಲ್ಲಿ ಇಬ್ಬರು ಹೊಸಬರಾಗಿದ್ದರೆ ಸರದಿಯಲ್ಲಿರುವವರು ನಾಲ್ವರು. ವಾರಕ್ಕೊಬ್ಬರಂತೆ ಹಂಚಿದರೆ ಒಬ್ಬರಿಗೆ ವರ್ಷಕ್ಕೆ 13 ವಾರ. ಇದು ಮುಖ್ಯ ಸರದಿ ಮಾತ್ರ. ಮೊದಲನೆಯವರು ಫೋನ್ ಎತ್ತದಿದ್ದರೆ ಏಳಬೇಕಾದ ಎರಡನೆಯವರೂ ಇರುತ್ತಾರೆ. ಅವರೂ ಈ ನಾಲ್ವರಲ್ಲೇ ಬರಬೇಕೆಂದರೆ ವರ್ಷಕ್ಕೆ 26 ವಾರ, ಅಂದರೆ ವಾರ ಬಿಟ್ಟು ವಾರ ಲ್ಯಾಪ್‌ಟಾಪ್ ಹೊತ್ತುಕೊಂಡೇ ಮದುವೆಗೂ ಜಾತ್ರೆಗೂ ಹೋಗಬೇಕು. ಒಬ್ಬರು ಕೆಲಸ ಬಿಟ್ಟರೆ ಉಳಿದವರು ಮೂವರು, ಆಗಿನ ಪರಿಸ್ಥಿತಿಯನ್ನು ನೀವೇ ಲೆಕ್ಕ ಹಾಕಿ. ಒಂದೇ ಊರಿನಲ್ಲಿರುವ ತಂಡ ಹಗಲು ರಾತ್ರಿ ಎರಡನ್ನೂ ನೋಡಿಕೊಳ್ಳಬೇಕಾದರೆ ಕನಿಷ್ಠ ಎಂಟು ಜನ ಬೇಕು ಎಂದು ಗೂಗಲ್ ಹೇಳುವುದು ಇದೇ ಕಾರಣಕ್ಕೆ. ನಮ್ಮ ಹೆಚ್ಚಿನ ಕಂಪನಿಗಳಲ್ಲಿ ಎಂಟು ಜನ ಸಿಗುವುದಿಲ್ಲ, ಅದನ್ನು ನಾನು ಬಲ್ಲೆ. ಆರು ಜನರೊಂದಿಗೂ ನಡೆಸಬಹುದು, ಆದರೆ ಅಲರ್ಟ್‌ಗಳು ನಿಜಕ್ಕೂ ಕಡಿಮೆ ಇರಬೇಕು.

ಮೈಸೂರು_ನೇಮಕಾತಿ

ನಾನು ನೇಮಕಾತಿ ವಿಭಾಗದಲ್ಲಿದ್ದೇನೆ. ಎಲ್ಲವನ್ನೂ ಮ್ಯಾನೇಜರ್ ತಲೆಯ ಮೇಲೆ ಹಾಕಬೇಡಿ. ಯಾರಿಗೆ ಯಾವ ಪ್ರಶ್ನೆ ಎಂಬುದೂ ಮುಖ್ಯ. ಆನ್‌ಕಾಲ್ ವಾರಕ್ಕೆ ಪ್ರತ್ಯೇಕ ಭತ್ಯೆ ಇದೆಯೇ, ರಾತ್ರಿ ಎದ್ದರೆ ಮರುದಿನ ಬದಲಿ ರಜೆ ಲಿಖಿತ ನಿಯಮವೇ ಎಂಬುದನ್ನು ನಮ್ಮನ್ನು ಕೇಳಿ. ಮ್ಯಾನೇಜರ್ ಇವಕ್ಕೆ ಅಂದಾಜಿನಲ್ಲಿ ಉತ್ತರ ಕೊಡುತ್ತಾರೆ, ಆಮೇಲೆ ಜಗಳ ನಮ್ಮ ಬಳಿ ಬರುತ್ತದೆ.

ಇಬ್ಬರನ್ನೂ ಕೇಳಬೇಕಾದ ಪ್ರಶ್ನೆ ಒಂದಿದೆ: "ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟುಹೋದ ಜಾಗವೋ?" ಬಿಟ್ಟುಹೋದ ಜಾಗವಾದರೆ ಅವರು ಎಷ್ಟು ಕಾಲ ಇದ್ದರು ಎಂದು ಕೇಳಿ. ಯಾಕೆ ಹೋದರು ಎಂದು ಕೇಳಿದರೆ ಯಾರೂ ಪೂರ್ತಿ ಹೇಳುವುದಿಲ್ಲ, ಹೇಳಬಾರದು ಕೂಡ. ಆದರೆ ಎಷ್ಟು ಕಾಲ ಇದ್ದರು ಎಂಬುದನ್ನು ಮುಚ್ಚಿಡುವ ಕಾರಣವಿಲ್ಲ. ನಮ್ಮ ಉತ್ತರವೂ ಮ್ಯಾನೇಜರ್ ಉತ್ತರವೂ ಬೇರೆ ಬೇರೆಯಾಗಿದ್ದರೆ ಎಚ್ಚರ ವಹಿಸಿ.

ತುಂಗಾಪಾನ

ಕೊನೆಯ ಮಾತು ಒಪ್ಪಲಾರೆ. ನೇಮಕಾತಿಯವರಿಗೆ ಹಳೆಯ ವಿಷಯವೇ ತಿಳಿದಿರುವುದಿಲ್ಲ ಎಷ್ಟೋ ಸಲ. ಉತ್ತರ ಬೇರೆಯಾದ ಮಾತ್ರಕ್ಕೆ ಅನುಮಾನಿಸಿದರೆ ಒಳ್ಳೆಯ ತಂಡವೂ ಕೈತಪ್ಪುತ್ತದೆ.

ಮೈಸೂರು_ನೇಮಕಾತಿ

ಅನುಮಾನಿಸಿ ಎಂದಿಲ್ಲ, ಎಚ್ಚರ ವಹಿಸಿ ಎಂದೆ. ಇನ್ನೊಂದು ಪ್ರಶ್ನೆ ಕೇಳಿ ಸ್ಪಷ್ಟಪಡಿಸಿಕೊಳ್ಳಬಹುದಲ್ಲ.

ಹೊಸ_ಪದವೀಧರ

ನೀವೆಲ್ಲರೂ ಆಯ್ಕೆ ಇರುವವರ ಹಾಗೆ ಮಾತನಾಡುತ್ತಿದ್ದೀರಿ. ನಮ್ಮ ಬ್ಯಾಚಿನ ಅರ್ಧಕ್ಕರ್ಧ ಹುಡುಗರಿಗೆ ಇನ್ನೂ ಕೆಲಸವೇ ಸಿಕ್ಕಿಲ್ಲ. ನಾನು ರಾತ್ರಿ ಯಾರು ಏಳುತ್ತಾರೆ ಎಂದು ಕೇಳಿದರೆ ಬಾಗಿಲು ತೋರಿಸುತ್ತಾರೆ. ಯಾವ ಕೆಲಸವಾದರೂ ಸರಿ ಎನ್ನುವವನು ಏನು ಕೇಳಬೇಕು?

ಹಳೆಯ_ಮೇಸ್ತ್ರಿ

ನಿಮ್ಮ ಕಷ್ಟ ನಿಜ. ಸಿಕ್ಕ ಕೆಲಸ ತೆಗೆದುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೂ ಒಂದನ್ನು ಕೇಳಿ: "ನಾನು ಬರೆದ ಕೋಡನ್ನು ಯಾರು ಪರಿಶೀಲಿಸುತ್ತಾರೆ, ಮೊದಲ ತಿಂಗಳು ಯಾರ ಜೊತೆ ಕೆಲಸ ಮಾಡುತ್ತೇನೆ?" ಇದಕ್ಕೆ ಬಾಗಿಲು ತೋರಿಸುವವರು ಯಾರೂ ಇಲ್ಲ. ಹೊಸಬರಿಗೆ ಸಂಬಳಕ್ಕಿಂತಲೂ ಕಲಿಸುವವರು ಇದ್ದಾರೆಯೇ ಎಂಬುದು ದೊಡ್ಡದು. ಒಬ್ಬ ವ್ಯಕ್ತಿಯ ಹೆಸರು ಹೇಳಿ "ಇವರ ಜೊತೆ" ಎಂದರೆ ಯೋಚಿಸಿಟ್ಟಿದ್ದಾರೆ. "ಎಲ್ಲರೂ ಸಹಾಯ ಮಾಡುತ್ತಾರೆ" ಎಂದರೆ ಯೋಚಿಸಿಲ್ಲ.

ಕೊಡಚಾದ್ರಿ77

ಅವರ ಮಾತಿಗೂ ಬೆಲೆ ಕೊಡಿ. ಪ್ರಶ್ನೆ ಕೇಳಿದ್ದಕ್ಕೇ ತಿರಸ್ಕರಿಸಿದ ಮ್ಯಾನೇಜರ್‌ಗಳನ್ನು ನಾನು ನೋಡಿದ್ದೇನೆ. "ಇವನು ಬರುವ ಮೊದಲೇ ಷರತ್ತು ಹಾಕುತ್ತಾನೆ" ಎಂದು ನನ್ನ ಎದುರೇ ಹೇಳಿದ್ದರು.

ತುಂಗಾಪಾನ

ಕೆಲಸ ಕೈಯಲ್ಲಿರುವವರಿಗೆ ಆ ತಿರಸ್ಕಾರವೇ ಉತ್ತರ. ಕೈಯಲ್ಲಿ ಇಲ್ಲದವರಿಗೆ ಹಾಗಲ್ಲ. ಇಬ್ಬರಿಗೂ ಒಂದೇ ಸಲಹೆ ಸಲ್ಲುವುದಿಲ್ಲ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದಗಳು. ಒಂದು ವಿವರ ಬಿಟ್ಟುಹೋಗಿತ್ತು. ಇದು ರಿಫಂಡ್ ತಂಡ. ಯುಪಿಐ ಮತ್ತು ಕಾರ್ಡ್ ಎರಡರ ರಿಫಂಡ್‌ಗಳನ್ನೂ ನೋಡಿಕೊಳ್ಳುತ್ತದೆ. ಇದರಿಂದ ಪ್ರಶ್ನೆಗಳು ಬದಲಾಗುತ್ತವೆಯೇ?

ಕೊಡಚಾದ್ರಿ77

ರಿಫಂಡ್ ಎಂದರೆ ಗಡುವಿನ ಕೆಲಸ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆಯಲ್ಲ, ತಡವಾದರೆ ದಿನಕ್ಕೆ 100 ರೂಪಾಯಿ ಗ್ರಾಹಕರಿಗೆ ಕೊಡಬೇಕು. ಹಾಗಾಗಿ ರಾತ್ರಿ ಹಗಲು ಎನ್ನದೆ ಓಡಬೇಕಾಗುತ್ತದೆ.

ಹಳೆಯ_ಮೇಸ್ತ್ರಿ

ಆ ಸುತ್ತೋಲೆ ವಿಫಲವಾದ ವ್ಯವಹಾರಗಳಿಗೆ ಸಂಬಂಧಿಸಿದ್ದು. ಯುಪಿಐಯಲ್ಲಿ ಗ್ರಾಹಕರ ಹಣ ಕಡಿತವಾಗಿ ಅಂಗಡಿಯವರಿಗೆ ದೃಢೀಕರಣ ತಲುಪದಿದ್ದರೆ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ. ಸೀರೆ ಇಷ್ಟವಾಗಲಿಲ್ಲ ಎಂದು ಹಿಂದಿರುಗಿಸಿದಾಗ ಅಂಗಡಿಯವರು ಕೊಡುವ ರಿಫಂಡ್ ಅದರಡಿ ಬರುವುದಿಲ್ಲ. ಎರಡೂ ಒಂದೇ ತಂಡದ ಮೇಜಿಗೆ ಬರುವುದುಂಟು, ಆದರೆ ಗಡುವು ಬೇರೆ ಬೇರೆ. ಈ ತಂಡದ್ದು ಯಾವುದು ಎಂಬುದೇ ಒಳ್ಳೆಯ ಪ್ರಶ್ನೆ.

ಹೇಮಾವತಿಯವರೇ, ಹೌದು, ಪ್ರಶ್ನೆ ಬದಲಾಗುತ್ತದೆ. ರಿಫಂಡ್ ತಂಡದಲ್ಲಿ ರಾತ್ರಿ ಕರೆಗಿಂತ ದೊಡ್ಡ ಅಪಾಯವೊಂದಿದೆ. ಡೆವಲಪರ್ ಎಂದು ಸೇರಿಸಿಕೊಂಡು ಲೆಕ್ಕ ಸರಿಪಡಿಸುವ ಕೆಲಸಕ್ಕೆ ಕೂರಿಸುವುದು.

ಅದು ಹೇಗೆ ಆಗುತ್ತದೆ ಎಂದು ಹೇಳುತ್ತೇನೆ. ನಿಮ್ಮ ವ್ಯವಸ್ಥೆ ಬ್ಯಾಂಕಿಗೆ ರಿಫಂಡ್ ವಿನಂತಿ ಕಳುಹಿಸುತ್ತದೆ. ಬ್ಯಾಂಕಿನಿಂದ ಉತ್ತರ ಬರುವ ಮೊದಲೇ ಸಮಯ ಮೀರುತ್ತದೆ. ಈಗ ಹಣ ಹೋಗಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಮೊದಲಿನ ಗುರುತು ಸಂಖ್ಯೆಯನ್ನೇ ಹಾಕಿ ಮತ್ತೆ ಕಳುಹಿಸಿದರೆ ಬ್ಯಾಂಕ್ "ಇದು ಆಗಲೇ ಬಂದಿದೆ" ಎಂದು ಗುರುತಿಸಬಹುದು. ಹೊಸ ಸಂಖ್ಯೆ ಹಾಕಿ ಕಳುಹಿಸಿದರೆ ಎರಡು ಬಾರಿ ಹಣ ಹೋಗಬಹುದು. ಕಳುಹಿಸದೆ ಸುಮ್ಮನಿದ್ದರೆ ಗ್ರಾಹಕರಿಗೆ ಹಣವೇ ಸಿಗದಿರಬಹುದು. ಮರುದಿನ ಬ್ಯಾಂಕಿನ ಕಡತ ಬಂದಾಗ ತಾಳೆ ನೋಡುತ್ತಾರೆ, ತಾಳೆಯಾಗದ ಸಾಲುಗಳು ಒಂದು ಪಟ್ಟಿಯಲ್ಲಿ ಉಳಿಯುತ್ತವೆ. ಆ ಪಟ್ಟಿಯನ್ನು ಯಾರು ಖಾಲಿ ಮಾಡುತ್ತಾರೆ ಎಂಬುದರಲ್ಲಿಯೇ ನಿಮ್ಮ ಹುದ್ದೆಯ ಸತ್ಯವಿದೆ. ಚೆನ್ನಾಗಿ ಕಟ್ಟಿದ ಕಡೆ ಹೆಚ್ಚಿನ ಸಾಲುಗಳು ತಾವಾಗಿಯೇ ಬಗೆಹರಿಯುತ್ತವೆ, ಉಳಿದವನ್ನು ಕಾರ್ಯಾಚರಣೆ ವಿಭಾಗದವರು ತಮ್ಮ ಪರದೆಯಲ್ಲಿ ನೋಡಿ ಮುಗಿಸುತ್ತಾರೆ. ಕಟ್ಟದ ಕಡೆ ಡೆವಲಪರ್ ನೇರವಾಗಿ ಡೇಟಾಬೇಸಿಗೆ ಹೋಗಿ ಒಂದೊಂದೇ ಸಾಲು ತಿದ್ದುತ್ತಾರೆ. ಪ್ರತಿ ದಿನ.

ಹಾಗಾಗಿ ಇದನ್ನು ಕೇಳಿ: "ತಾಳೆಯಾಗದೆ ಉಳಿದ ರಿಫಂಡ್‌ಗಳನ್ನು ಯಾರು ನೋಡುತ್ತಾರೆ? ಕಳೆದ ವಾರ ಡೆವಲಪರ್ ಒಬ್ಬರು ಕೈಯಾರೆ ಸರಿಪಡಿಸಬೇಕಾದದ್ದು ಎಷ್ಟು?" ಒಂದು ಅಂದಾಜು ಸಂಖ್ಯೆ ಬಂದರೂ ಸಾಕು. ಸಂಖ್ಯೆಯೇ ಗೊತ್ತಿಲ್ಲವೆಂದರೆ ಅದನ್ನು ಯಾರೂ ಎಣಿಸುತ್ತಿಲ್ಲ ಎಂದಾಯಿತು, ಎಣಿಸದದ್ದು ಕಡಿಮೆಯಾಗುವುದೂ ಇಲ್ಲ.

ರಾತ್ರಿ_ಪಾಳಿ_ದಾದಿ

ನನ್ನ ರಿಫಂಡ್ ಎರಡು ಬಾರಿ ಬಂದಿತ್ತು ಒಮ್ಮೆ, ಆಮೇಲೆ ಒಂದನ್ನು ವಾಪಸ್ ಎಳೆದುಕೊಂಡರು. ಈಗ ಕಾರಣ ತಿಳಿಯಿತು.

ಶಿರಸಿ_ಹುಡುಗ

2000ದಲ್ಲಿ ಜೋಯೆಲ್ ಸ್ಪೋಲ್ಸ್ಕಿ ಬರೆದ 12 ಪ್ರಶ್ನೆಗಳ ಪಟ್ಟಿ ಇದೆಯಲ್ಲ, ಒಂದೇ ಹೆಜ್ಜೆಯಲ್ಲಿ ಬಿಲ್ಡ್ ಆಗುತ್ತದೆಯೇ, ದೋಷಗಳ ದಾಖಲೆ ಇಡುತ್ತೀರಾ ಎಂಬಂಥವು. ಹನ್ನೆರಡನ್ನೂ ಕೇಳಿದರೆ ಆಗುವುದಿಲ್ಲವೇ?

ತುಂಗಾಪಾನ

ಹತ್ತು ನಿಮಿಷದಲ್ಲಿ ಹನ್ನೆರಡು ಪ್ರಶ್ನೆಯೇ? ಹನ್ನೆರಡು ಹೌದು, ಇಲ್ಲಗಳು ಸಿಗುತ್ತವೆ ಅಷ್ಟೆ. ಅಲ್ಲದೆ ಆ ಪಟ್ಟಿಯ ಎಷ್ಟೋ ಅಂಶಗಳು ಈಗ ಎಲ್ಲೆಡೆ ಇವೆ. ಕೋಡನ್ನು ಗಿಟ್‌ನಲ್ಲಿ ಇಡದ ಕಂಪನಿ ಇಂದು ಎಲ್ಲಿದೆ? ಎರಡು ಪ್ರಶ್ನೆ ಕೇಳಿ, ಪ್ರತಿಯೊಂದಕ್ಕೂ "ಆಮೇಲೆ ಏನಾಯಿತು?" ಎಂಬ ಮರುಪ್ರಶ್ನೆ ಹಾಕಿ. ಮೊದಲ ಉತ್ತರ ಎಲ್ಲರ ಬಳಿಯೂ ಸಿದ್ಧವಿರುತ್ತದೆ, ಎರಡನೆಯದು ಇರುವುದಿಲ್ಲ.

ಮೈಸೂರು_ನೇಮಕಾತಿ

ಸಂದರ್ಶನ ಆರಂಭವಾಗುವಾಗಲೇ "ಕೊನೆಯಲ್ಲಿ ನನಗೆ ಹತ್ತು ನಿಮಿಷ ಬೇಕಾಗಬಹುದು" ಎಂದು ಹೇಳಿಬಿಡಿ. ಇಲ್ಲವಾದರೆ 45 ನಿಮಿಷದ ಸುತ್ತಿನಲ್ಲಿ ಕೊನೆಗೆ ಎರಡು ನಿಮಿಷ ಉಳಿಯುತ್ತದೆ, ಮ್ಯಾನೇಜರ್ ಮುಂದಿನ ಸಭೆಗೆ ಓಡುತ್ತಾರೆ.

ಹೇಮಾವತಿ_ದಂಡೆ

ನಿನ್ನೆ ಸಂದರ್ಶನ ಮುಗಿಯಿತು. ಮೊದಲೇ ಹತ್ತು ನಿಮಿಷ ಕೇಳಿದ್ದು ಒಳ್ಳೆಯದಾಯಿತು, ಅವರು ಗಡಿಯಾರ ನೋಡಿ ಬಿಟ್ಟುಕೊಟ್ಟರು. ಬಂದ ಉತ್ತರಗಳನ್ನು ಬರೆಯುತ್ತೇನೆ, ನಿಮಗೇನು ಅನ್ನಿಸುತ್ತದೆ ಹೇಳಿ.

ತಂಡದಲ್ಲಿ ಏಳು ಜನ, ಸರದಿಯಲ್ಲಿ ಐವರು. ಎರಡನೆಯವರೆಂದು ಬೇರೆ ಯಾರೂ ಇಲ್ಲ, ಮೊದಲನೆಯವರು ಎತ್ತದಿದ್ದರೆ ಕರೆ ನೇರವಾಗಿ ಮ್ಯಾನೇಜರ್‌ಗೇ ಹೋಗುತ್ತದೆ. ಕೊನೆಯ ಬಾರಿ ರಾತ್ರಿ ಎಬ್ಬಿಸಿದ್ದು ಹಿಂದಿನ ವಾರ. ಬ್ಯಾಂಕೊಂದರ ಉತ್ತರ ನಿಧಾನವಾಗಿ, ಮರುಪ್ರಯತ್ನದ ಕೆಲಸ ಹೊಸ ಗುರುತು ಸಂಖ್ಯೆಯೊಂದಿಗೆ ಓಡಿತಂತೆ. ಮೇಸ್ತ್ರಿ ಸರ್ ವಿವರಿಸಿದಂತೆಯೇ ಕೆಲವರಿಗೆ ಎರಡು ಬಾರಿ ಹಣ ಹೋಯಿತು. ಗೊತ್ತಾದದ್ದು ಅಲರ್ಟ್‌ನಿಂದ, ದಿನದ ಒಟ್ಟು ಮೊತ್ತ ಮಿತಿ ಮೀರಿದಾಗ. ಆ ಕೆಲಸವನ್ನು ನಿಲ್ಲಿಸಿ, ಬೆಳಿಗ್ಗೆ ಪಟ್ಟಿ ಮಾಡಿ ಸರಿಪಡಿಸಿದರು.

"ಆಮೇಲೆ ಏನು ಬದಲಾಯಿತು?" ಎಂದು ಕೇಳಿದೆ. ಆ ಒಂದು ಬ್ಯಾಂಕಿಗೆ ಮರುಪ್ರಯತ್ನವನ್ನು ನಿಲ್ಲಿಸಿದ್ದೇವೆ, ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವ ಪೂರ್ಣ ದುರಸ್ತಿ ಮುಂದಿನ ತ್ರೈಮಾಸಿಕದ ಯೋಜನೆಯಲ್ಲಿದೆ ಎಂದರು. ಕೈಯಾರೆ ಸರಿಪಡಿಸುವುದರ ಬಗ್ಗೆ ಕೇಳಿದಾಗ ಸ್ವಲ್ಪ ಯೋಚಿಸಿ, "ವಾರಕ್ಕೆ ಒಬ್ಬರ ಒಂದೂವರೆ ದಿನ ಅದಕ್ಕೇ ಹೋಗುತ್ತದೆ, ಈ ಹುದ್ದೆ ತೆರೆದದ್ದೇ ಅದನ್ನು ಕಡಿಮೆ ಮಾಡಲು" ಎಂದರು. ಹುದ್ದೆ ಹೊಸದು. ನೇಮಕಾತಿಯವರೂ ಅದನ್ನೇ ಹೇಳಿದ್ದರು.

ತುಂಗಾಪಾನ

ಇಷ್ಟು ನೇರವಾಗಿ ಹೇಳುವ ಮ್ಯಾನೇಜರ್ ಸಿಗುವುದು ಅಪರೂಪ. ನಾನಾಗಿದ್ದರೆ ಸೇರುತ್ತಿದ್ದೆ.

ಕೊಡಚಾದ್ರಿ77

ನಾನು ಸೇರುತ್ತಿರಲಿಲ್ಲ. ಎರಡು ಬಾರಿ ಹಣ ಹೋದ ಮೇಲೂ ಪೂರ್ಣ ದುರಸ್ತಿ ಮುಂದಿನ ತ್ರೈಮಾಸಿಕಕ್ಕೆ ಎಂದರೆ ಏನರ್ಥ? ಮುಂದಿನ ತ್ರೈಮಾಸಿಕ ಬಂದಾಗ ಅದರ ಮುಂದಿನದು ಎನ್ನುತ್ತಾರೆ. ಪ್ರಾಮಾಣಿಕವಾಗಿ ಹೇಳಿದ ಮಾತ್ರಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ.

ಹಳೆಯ_ಮೇಸ್ತ್ರಿ

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಒಳ್ಳೆಯ ಚಿಹ್ನೆಗಳು: ಅಲರ್ಟ್ ಕೆಲಸ ಮಾಡಿತು, ಕಾರಣ ಏನೆಂದು ಮ್ಯಾನೇಜರ್‌ಗೆ ಖಚಿತವಾಗಿ ಗೊತ್ತಿದೆ, ಎರಡನೆಯ ಕರೆ ಅವರಿಗೇ ಹೋಗುತ್ತದೆ. ತಾನೇ ಏಳಬೇಕಾದ ಮ್ಯಾನೇಜರ್ ಅಲರ್ಟ್ ಕಡಿಮೆ ಮಾಡಲು ಸಮಯ ಕೊಡುತ್ತಾರೆ. ಐವರ ಸರದಿ ಎಂದರೆ ವರ್ಷಕ್ಕೆ ಹತ್ತು ಹನ್ನೊಂದು ವಾರ, ನೀವು ಸೇರಿದರೆ ಒಂಬತ್ತರ ಹತ್ತಿರ.

ನನ್ನನ್ನು ಕಾಡುವುದು ಕೊಡಚಾದ್ರಿಯವರು ಹೇಳಿದ್ದೇ. ಒಂದು ಬ್ಯಾಂಕಿಗೆ ಮರುಪ್ರಯತ್ನ ನಿಲ್ಲಿಸಿದ್ದು ತಾತ್ಕಾಲಿಕ ಉಪಾಯ. ಅದರಿಂದ ಎರಡು ಬಾರಿ ಹಣ ಹೋಗುವುದು ತಪ್ಪಿತು, ಆದರೆ ತಾಳೆಯಾಗದ ಪಟ್ಟಿ ಉದ್ದವಾಗುತ್ತದೆ. ಆ ಒಂದೂವರೆ ದಿನ ಈಗ ಎರಡಾಗಿರಬಹುದು. ದುರಸ್ತಿಗೆ ಯಾರನ್ನಾದರೂ ನೇಮಿಸಿದ್ದಾರೆಯೇ ಅಥವಾ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆಯೇ ಎಂಬುದು ತಿಳಿಯಬೇಕು.

ಆಫರ್ ಬಂದ ಮೇಲೆ, ಒಪ್ಪುವ ಮೊದಲು, ಸರದಿಯಲ್ಲಿರುವ ಐವರಲ್ಲಿ ಒಬ್ಬರ ಜೊತೆ ಅರ್ಧ ಗಂಟೆ ಮಾತನಾಡಲು ಅವಕಾಶ ಕೇಳಿ. ಆಗ ಅವರು ನಿಮ್ಮನ್ನು ಆರಿಸಿ ಆಗಿರುತ್ತದೆ, ಕೇಳಿದ್ದಕ್ಕೆ ಬೇಡವೆನ್ನುವುದಿಲ್ಲ.

ಮೈಸೂರು_ನೇಮಕಾತಿ

ಇದನ್ನು ಒತ್ತಿ ಹೇಳುತ್ತೇನೆ. ಅಂಥ ಮನವಿ ಬಂದರೆ ನಾವು ಸಾಮಾನ್ಯವಾಗಿ ಏರ್ಪಾಡು ಮಾಡುತ್ತೇವೆ. ನಿಮ್ಮದು 90 ದಿನಗಳ ನೋಟಿಸ್ ಅವಧಿಯಾದರೆ ರಾಜೀನಾಮೆ ಕೊಡುವ ಮೊದಲೇ ಮಾತನಾಡಿ. ಕೊಟ್ಟ ಮೇಲೆ ಏನು ತಿಳಿದರೂ ಹಿಂದೆ ಬರುವುದು ಕಷ್ಟ.

ಹೊಸ_ಪದವೀಧರ

ನಾನು ಇವತ್ತು ಒಂದು ಸಣ್ಣ ಕಂಪನಿಯಲ್ಲಿ "ಮೊದಲ ತಿಂಗಳು ಯಾರ ಜೊತೆ?" ಎಂದು ಕೇಳಿದೆ. ಅಲ್ಲಿಯೇ ಒಬ್ಬರನ್ನು ಕರೆದು ಪರಿಚಯ ಮಾಡಿಸಿದರು. ಫಲಿತಾಂಶ ಇನ್ನೂ ಬಂದಿಲ್ಲ.

ರಾತ್ರಿ_ಪಾಳಿ_ದಾದಿ

ಸಿಗಲಿ ತಮ್ಮ.

ಹೇಮಾವತಿ_ದಂಡೆ

ಆಫರ್ ಬಂದಿದೆ. ಸರದಿಯಲ್ಲಿರುವ ಒಬ್ಬರೊಂದಿಗೆ ಶನಿವಾರ ಬೆಳಿಗ್ಗೆ ಮಾತನಾಡಲು ಒಪ್ಪಿದ್ದಾರೆ. ಮೇಸ್ತ್ರಿ ಸರ್, ಅವರನ್ನು ಏನು ಕೇಳಲಿ? ಮ್ಯಾನೇಜರ್‌ಗೆ ಕೇಳಿದ್ದನ್ನೇ ಮತ್ತೆ ಕೇಳಿದರೆ ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಹಳೆಯ_ಮೇಸ್ತ್ರಿ

ಅದನ್ನೇ ಕೇಳಬೇಡಿ. "ಎರಡು ಬಾರಿ ಹೋದ ರಿಫಂಡ್ ಬಗ್ಗೆ ಕೇಳಿದೆ, ಆ ದುರಸ್ತಿಯನ್ನು ಈಗ ಯಾರು ಮಾಡುತ್ತಿದ್ದಾರೆ?" ಎಂದು ಕೇಳಿ. ಒಬ್ಬರ ಹೆಸರು ಬಂದರೆ ಕೆಲಸ ಶುರುವಾಗಿದೆ. "ನೀವು ಬಂದು ಮಾಡುತ್ತೀರಂತೆ" ಎಂದರೂ ಕೆಟ್ಟದ್ದಲ್ಲ, ಆಗ "ನನಗೆ ಅದಕ್ಕೆ ಪೂರ್ತಿ ಸಮಯ ಕೊಡುತ್ತಾರೆಯೇ, ಅಥವಾ ಕೈಯಾರೆ ತಿದ್ದುವ ಪಾಳಿಯೂ ಮೊದಲ ವಾರದಿಂದಲೇ ಇರುತ್ತದೆಯೇ?" ಎಂದು ಮರುಪ್ರಶ್ನೆ ಹಾಕಿ. ಎರಡೂ ಇರುತ್ತದೆ ಎಂದರೆ ಆ ಷರತ್ತನ್ನು ಮ್ಯಾನೇಜರ್ ಜೊತೆ ಈಗಲೇ ಮಾತನಾಡಿ.

ಕೊಡಚಾದ್ರಿ77

ಹಿಂದಿನ ತ್ರೈಮಾಸಿಕದ ಯೋಜನೆಯಲ್ಲಿದ್ದ ದುರಸ್ತಿಗಳಲ್ಲಿ ಎಷ್ಟು ಮುಗಿದವು ಎಂದೂ ಕೇಳಿ. ನನಗೆ ಇನ್ನೂ ನಂಬಿಕೆಯಿಲ್ಲ. ಉತ್ತರ ಏನು ಬಂದಿತೆಂದು ಇಲ್ಲಿ ಬರೆಯಿರಿ.

ಹೇಮಾವತಿ_ದಂಡೆ

ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಶನಿವಾರ ಮಧ್ಯಾಹ್ನ ಬರೆಯುತ್ತೇನೆ.